ಲೆಕ್ಕಕ್ಕೆ ಸಿಗದ 18 ಕಿಲೋ ಕೋಳಿ

ಹೋಟೆಲ್ ಕಿಚನ್‌ನಲ್ಲಿ ಮಾಲು ಸೋರುತ್ತಿದೆ ಅಂದರೆ ಎಲ್ಲರೂ ಹೇಳುವುದು ಎರಡೇ: ಫ್ರಿಜ್‌ಗೆ ಬೀಗ ಹಾಕು, ಮನೆಗೆ ಹೊರಟಾಗ ಚೀಲ ನೋಡು. ಎರಡನ್ನೂ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬೀಗ ಬಿದ್ದ ಮೇಲೆ, ಪದೇ ಪದೇ ಕೀಲಿ ಕೇಳುವ ರಗಳೆ ಯಾಕೆಂದು ಒಬ್ಬೊಬ್ಬರೂ ಬೆಳಿಗ್ಗೆಯೇ ಎರಡು ಹೊತ್ತಿನ ಬೆಣ್ಣೆ, ಮಾಂಸ ಎತ್ತಿ ತಮ್ಮ ಕೌಂಟರಿನ ಕೆಳಗೆ ಇಟ್ಟುಕೊಂಡರು. ರಾತ್ರಿ ಅದರಲ್ಲಿ ಕಾಲುಭಾಗ ಕಸದ ಡಬ್ಬಕ್ಕೆ. ಚೀಲದಲ್ಲಿ ಏನೂ ಸಿಗಲಿಲ್ಲ, ಪಳಗಿದ ಕೈಯೊಂದು ಮಾತ್ರ ಕೆಲಸ ಬಿಟ್ಟು ಹೋಯಿತು.

ಆಮೇಲೆ ಹಿಡಿದದ್ದು ಸಿಬ್ಬಂದಿಗೆ ಊಟ ಮತ್ತು ತಕ್ಕಡಿ. ಊಟ ಹಾಕಿದರೆ ಖರ್ಚು ಇನ್ನೂ ಏರುತ್ತದೆ ಎಂದು ಪಾಲುದಾರರು ಗೊಣಗಿದರು. ಏರಿದ್ದು ನಿಜ, ಮಾರಾಟದ ಶೇ 2.5ರಿಂದ 3ರಷ್ಟು. ಆದರೆ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದದ್ದು ಮೊದಲು ಶೇ 7ರ ಆಸುಪಾಸು ಇತ್ತು, ನಾಲ್ಕು ತಿಂಗಳಲ್ಲಿ ಶೇ 2ಕ್ಕೆ ಬಂತು. ಉಳಿದದ್ದೆಷ್ಟೆಂದು ನೀವೇ ಲೆಕ್ಕ ಹಾಕಿ.

ಸರ್ವಿಸ್ ಶುರುವಾಗುವ ಮುಕ್ಕಾಲು ಗಂಟೆ ಮೊದಲು ಊಟ. ಎಲ್ಲರೂ ಕೂತು ತಿನ್ನಬೇಕು, ಮುಖ್ಯ ಬಾಣಸಿಗರಿಗೂ ಅದೇ ಊಟ. ಹೆಚ್ಚುವಾಗ ಒಂದು ತುಂಡು, ಕರಿಯುವಾಗ ಒಂದು ತುಂಡು ಬಾಯಿಗೆ ಹೋಗುವುದು ಹಸಿದ ಹೊಟ್ಟೆಯ ಕೆಲಸ. ಅದಕ್ಕೆ ಕಳ್ಳತನವೆಂದು ಹೆಸರಿಟ್ಟರೆ ಮಾತು ಅಲ್ಲಿಗೇ ಕೆಡುತ್ತದೆ. ಊಟಕ್ಕೆ ತೆಗೆದದ್ದನ್ನೂ ತೂಗಿ, ಪುಸ್ತಕದಲ್ಲಿ ಬೇರೆ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ನೀವೇ ಹಾಕಿದ ಊಟ ನಿಮಗೆ ಕಳವಿನಂತೆ ಕಾಣುತ್ತದೆ.

ಇಲ್ಲೊಂದು ತಪ್ಪು ಮಾಡಿದೆ. ಉಳಿದದ್ದನ್ನೇ ಊಟಕ್ಕೆ ಬಳಸಿ, ಮಿಕ್ಕಿದರೆ ಮನೆಗೆ ಒಯ್ಯಿರಿ ಎಂದೆ. ಎರಡೇ ವಾರದಲ್ಲಿ ದುಬಾರಿ ಐಟಂಗಳೇ ದಿನಾ ‘ಉಳಿಯ’ತೊಡಗಿದವು! ಉಳಿದರೆ ಲಾಭ ಅಂತಾದ ಮೇಲೆ ಹೆಚ್ಚಿಗೆ ಮಾಡದೆ ಇರುತ್ತಾರೆಯೇ? ಈಗ ಊಟದ ಮೆನು ವಾರಕ್ಕೊಮ್ಮೆ ಮೊದಲೇ ನಿಗದಿ, ಮನೆಗೆ ಒಯ್ಯುವುದು ಯಾರಿಗೂ ಇಲ್ಲ, ನನಗೂ ಇಲ್ಲ.

ಇನ್ನು ಎಣಿಕೆ. ಇಡೀ ಸ್ಟೋರ್ ಎಣಿಸಲು ಹೋಗಬೇಡಿ, ಮೂರನೇ ದಿನಕ್ಕೆ ಅಂದಾಜಿನಲ್ಲಿ ಗೀಚುತ್ತಾರೆ. ಹಣ ತಿನ್ನುವ ಹತ್ತು-ಹನ್ನೆರಡು ಐಟಂ ಸಾಕು. ರಾತ್ರಿ ಒಲೆ ಆರಿದ ಮೇಲೆ ಇಬ್ಬರು ಎಣಿಸಬೇಕು, ಒಬ್ಬರು ಕಿಚನ್‌ನವರು, ಒಬ್ಬರು ಸ್ಟೋರ್‌ನವರು, ಜೋಡಿ ವಾರಕ್ಕೊಮ್ಮೆ ಬದಲು. ಪುಸ್ತಕದ ಅಂಕಿ ಅವರ ಕೈಗೆ ಕೊಡಬಾರದು. ಕೊಟ್ಟರೆ ಎಣಿಕೆ ಅದಕ್ಕೇ ಸರಿಹೊಂದುತ್ತದೆ. ವ್ಯತ್ಯಾಸವನ್ನು ಐಟಂ ಹೆಸರಲ್ಲಿ ಗೋಡೆಗೆ ಹಾಕುತ್ತೇನೆ, ಜನರ ಹೆಸರಲ್ಲಿ ಅಲ್ಲ.

ಒಂದು ವಾರದ ಕೋಳಿಯ ಲೆಕ್ಕ ನೋಡಿ. ಮೊದಲಿದ್ದದ್ದು 18 ಕಿಲೋ, ಬಂದದ್ದು 62, ಕೊನೆಗೆ ಉಳಿದದ್ದು 14. ಅಂದರೆ ಖರ್ಚಾದದ್ದು 66. ಮಾರಿದ್ದು 240 ಪ್ಲೇಟ್, ಪ್ಲೇಟಿಗೆ 200 ಗ್ರಾಂ, ಒಟ್ಟು 48. ಹದಿನೆಂಟು ಕಿಲೋ ಮಾಯ! ಇಲ್ಲೇ ಅವಸರದವರು ಜನರನ್ನು ನಿಲ್ಲಿಸಿ ಕೇಳುತ್ತಾರೆ. ಆದರೆ ಆ 200 ಗ್ರಾಂ ಶುಚಿ ಮಾಡಿದ ತೂಕ. ನಮ್ಮಲ್ಲಿ ಚರ್ಮ, ಕೊಬ್ಬು ತೆಗೆದರೆ ಉಳಿಯುವುದು ಶೇ 85, ಹಾಗಾಗಿ 48 ಕಿಲೋಗೆ ಹಸಿಯಾಗಿ ಸುಮಾರು 56.5 ಬೇಕು. ಸಿಬ್ಬಂದಿ ಊಟಕ್ಕೆ 4, ಕೆಟ್ಟು ಬಿಸಾಡಿದ್ದು ಒಂದೂವರೆ. ಒಟ್ಟು 62. ಇನ್ನೂ 4 ಕಿಲೋ ಬಾಕಿ.

ಅದು ಸಿಕ್ಕಿದ್ದು ಹಿಂಬಾಗಿಲಲ್ಲಿ. ಮಾಲು ಐಸ್ ನೀರಿನ ಸಮೇತ ತೂಗಿ ಒಳಗೆ ಬರುತ್ತಿತ್ತು. ಜಾಲರಿ ಮೇಲೆ ಹತ್ತು ನಿಮಿಷ ಸೋರಲು ಬಿಟ್ಟು ಮತ್ತೆ ತೂಗಿದೆವು, ಶೇ 6 ಕಡಿಮೆ. 62ಕ್ಕೆ 3.7 ಕಿಲೋ. ಆ ವಾರ ಕಿಚನ್‌ನವರನ್ನು ದೂರಿದ್ದರೆ ತಲೆ ತಗ್ಗಿಸಬೇಕಾಗಿತ್ತು. ಅಂದಿನಿಂದ ಸೋರಿಸಿದ ತೂಕಕ್ಕೇ ಬಿಲ್. ಸರಬರಾಜುದಾರರನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ನನ್ನಲ್ಲೇ ಇರಲಿ.

ಎಣ್ಣೆಯಲ್ಲೂ ಇಂಥದೇ ಮೋಸ: 15 ಲೀಟರ್ ಅಂದರೆ ಹದಿಮೂರೂವರೆ ಕಿಲೋ ಚಿಲ್ಲರೆ ಅಷ್ಟೇ. ಲೀಟರಲ್ಲಿ ಕೊಂಡು ಕಿಲೋದಲ್ಲಿ ಎಣಿಸಿದರೆ ಪ್ರತಿ ಡಬ್ಬಕ್ಕೂ ಒಂದೂಕಾಲು ಕಿಲೋ ಮೇಲ್ಪಟ್ಟು ‘ಕಳವು’ ಪುಸ್ತಕದಲ್ಲೇ ಹುಟ್ಟುತ್ತದೆ.

ಕಸಕ್ಕೆ ಮೂರು ಪಾರದರ್ಶಕ ಡಬ್ಬ ಇಟ್ಟೆ: ಹೆಚ್ಚುವಾಗ ಬಿದ್ದ ಸಿಪ್ಪೆ, ಕೆಟ್ಟದ್ದು, ಗಿರಾಕಿ ತಟ್ಟೆಯಲ್ಲಿ ಬಿಟ್ಟದ್ದು. ಮೂರನೆಯದು ತುಂಬುತ್ತಿದ್ದದ್ದು ನೋಡಿ ಸೌಟು ಅಳೆದರೆ, 60 ಮಿಲಿ ಅಂದುಕೊಂಡಿದ್ದು 75 ಹಿಡಿಯುತ್ತಿತ್ತು. ಸೌಟು ಬದಲಾಯಿಸಿದೆವು. ಗಿರಾಕಿಗಳು ಗಮನಿಸಲಿಲ್ಲ.

ಈ ಪದ್ಧತಿಗೆ ಸಿಗದ್ದು ಮಸಾಲೆ, ಒಣಹಣ್ಣಿನಂಥ ಜೇಬಿನ ಗಾತ್ರದವು. ಅವನ್ನು ದಿನದ ಪೊಟ್ಟಣ ಕಟ್ಟಿ ಕೊಡುತ್ತೇವೆ, ಖಾಲಿ ಪೊಟ್ಟಣ ವಾಪಸ್ ಬಂದರೆ ಮಾತ್ರ ಮರುದಿನದ್ದು.