ಬುಕ್ಕರಾಯನ ಶಾಸನವನ್ನು ನಾನು ಓದಿಸಿದ ರೀತಿ

ಮೈಸೂರಿನ ನಮ್ಮ ಎಂಎ ತರಗತಿಯಲ್ಲಿ ಶ್ರವಣಬೆಳಗೊಳದ 1368ರ ಶಾಸನ ಕೊಟ್ಟರೆ ಮೊದಲೆಲ್ಲ ಒಂದೇ ಉತ್ತರ ಬರುತ್ತಿತ್ತು: ‘ಬುಕ್ಕರಾಯ ಎಲ್ಲ ಧರ್ಮಗಳನ್ನೂ ಸಮನಾಗಿ ಕಂಡ.’ ಮೂಲಪಾಠವನ್ನೇ ಓದಿಸುತ್ತೇನೆ ಎಂದಾಗ ಜೊತೆಯ ಅಧ್ಯಾಪಕರು ‘ಈ ಹುಡುಗರ ಕೈಲಿ ಆಗಲ್ಲ ಬಿಡಿ ಮೇಡಂ’ ಎಂದರು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವ್ಯಾನ್ ಮಾಡಿಸಿ ಬೆಳಗೊಳಕ್ಕೇ ಕರೆದೊಯ್ದೆ. ಬಾಡಿಗೆ, ಊಟ ಅಂತ ಏಳೆಂಟು ಸಾವಿರ ಕೈಯಿಂದ ಹೋಯಿತು. ಕಲ್ಲಿನ ಮುಂದೆ ಫೋಟೊ ತೆಗೆಸಿಕೊಂಡರು, ಓದಲಿಲ್ಲ. ಆಮೇಲೆ ಹೊಸಗನ್ನಡದ ಸಾರಾಂಶ ಕೊಟ್ಟು ನೋಡಿದೆ. ಮತ್ತೆ ಅದೇ ಉತ್ತರ.

ಕೊನೆಗೆ ಕೈಹಿಡಿದದ್ದು ನೂರಿನ್ನೂರು ರೂಪಾಯಿಯ ಜೆರಾಕ್ಸ್ ಮತ್ತು ಬಣ್ಣದ ಪೆನ್ಸಿಲ್. ಪ್ರತಿ ಸಾಲಿಗೂ ಎರಡೇ ಪ್ರಶ್ನೆ. ಇಲ್ಲಿ ಮಾತು ಯಾರದು? ದುಡ್ಡು ಯಾರದು?

ಶಾಸನ ಶುರುವಾಗುವುದೇ ರಾಮಾನುಜರ ಸ್ತುತಿಯಿಂದ. ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿ ಎನ್ನುತ್ತದೆ ಆ ಶ್ಲೋಕ. ಪಾಷಂಡರೆಂದರೆ ಜೈನರಂತೆ ವೇದವನ್ನು ಒಪ್ಪದವರು, ಬಡಬಾಗ್ನಿ ಎಂದರೆ ಕಡಲನ್ನೇ ನುಂಗುವ ಬೆಂಕಿ. ಜೈನರನ್ನು ಕಾಪಾಡುವ ಆಜ್ಞೆಗೆ ಇಂಥ ಮುನ್ನುಡಿ! ಇಲ್ಲಿ ಹುಡುಗರು ಪೆನ್ಸಿಲ್ ಕೆಳಗಿಟ್ಟು ನೋಡುತ್ತಾರೆ. ಮುಂದೆ ಆನೆಗೊಂದಿ, ಪೆನುಗೊಂಡೆ, ಕಲ್ಲೇಹ ಮುಂತಾದ ಕಡೆಯ ಜೈನರು ಅನ್ಯಾಯವಾಗಿದೆ ಎಂದು ಅರಸನಿಗೆ ದೂರು ಕೊಡುತ್ತಾರೆ. ಅರಸ ವೈಷ್ಣವ ಆಚಾರ್ಯರನ್ನು ಕರೆಸಿ, ಜೈನರ ಕೈಯನ್ನು ಅವರ ಕೈಯಲ್ಲಿಡುತ್ತಾನೆ. ಆ ಆಚಾರ್ಯರಲ್ಲಿ ನಮ್ಮ ಮೇಲುಕೋಟೆಯವರೂ ಇದ್ದಾರೆ, ತಿರುನಾರಾಯಣಪುರ ಎಂಬ ಹೆಸರಿನಲ್ಲಿ. ಜೈನರಿಗೆ ಪಂಚಮಹಾವಾದ್ಯ, ಕಲಶ ಸಲ್ಲಬೇಕು ಎಂಬುದು ತೀರ್ಪು. ಅಂದರೆ ಜಗಳ ನಡೆದದ್ದು ತತ್ವಕ್ಕಲ್ಲ, ನಾಲ್ಕು ಜನರ ಎದುರು ಸಿಗುವ ಮರ್ಯಾದೆಗೆ.

ಇನ್ನು ದುಡ್ಡು. ರಾಜ್ಯದ ಜೈನರು ಮನೆಗೊಂದು ‘ಹಣ’ ಎಂಬ ನಾಣ್ಯದಂತೆ ವರ್ಷ ವರ್ಷ ಕೊಡಬೇಕು. ಅದರಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕೊಡುವವರು ಜೈನರು, ಖರ್ಚು ಮಾಡುವವನು ವೈಷ್ಣವ. ಇದಕ್ಕೆ ಸುಮ್ನೆ ‘ಸಹಿಷ್ಣುತೆ’ ಅಂತ ಬರೆದರೆ ಅರ್ಧ ಮುಚ್ಚಿಟ್ಟಂತೆ, ಅಲ್ವಾ? ಹಾಗಂತ ಆಜ್ಞೆ ಹಳ್ಳಿ ಹಳ್ಳಿಯಲ್ಲಿ ನಡೆಯಿತು ಎನ್ನುವುದಕ್ಕೂ ಈ ಕಲ್ಲು ಸಾಕ್ಷಿಯಲ್ಲ. ಏನು ನಡೆಯಬೇಕು ಎಂದಷ್ಟೇ ಅದು ಹೇಳುತ್ತದೆ.

ನಡುವೆ ಒಂದು ತಂಡಕ್ಕೆ ಮಾಗಡಿ ತಾಲ್ಲೂಕಿನ ಕಲ್ಯದ ಶಾಸನ ಕೊಟ್ಟೆ. ಅಲ್ಲೂ ಇದೇ ಒಪ್ಪಂದ. ಅಲ್ಲೇಕೆ ಎಂದು ಹುಡುಕಿದಾಗ ಬೆಳಗೊಳದ ಕಲ್ಲಿನ ಕೊನೆಯ ಭಾಗವೇ ಸುಳಿವು ಕೊಟ್ಟಿತು. ಕಲ್ಲೇಹದ ಬುಸುವಿಸೆಟ್ಟಿ ಅರಸನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದ ಎಂದಿದೆ. ಕಲ್ಲೇಹವೇ ಇಂದಿನ ಕಲ್ಯ. ಈ ನಂಟನ್ನು ಹುಡುಗಿಯೊಬ್ಬಳು ತಾನೇ ಹಿಡಿದಳು. ಅವಳಿಗೆ ಯಾವ ಹಾಳೆ ಮೊದಲು ಕೊಟ್ಟೆ ಎಂಬುದು ಮಾತ್ರ ನನ್ನ ಗುಟ್ಟು!

ಉಲ್ಲೇಖದಲ್ಲಿ ನಾನು ಜಾಸ್ತಿ ಕಟ್ಟುನಿಟ್ಟು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಗಳಲ್ಲಿ ಎರಡನೆಯದರಲ್ಲಿ ಈ ಶಾಸನವಿದೆ. ಬರೀ ‘ಎ.ಕ. 2’ ಎಂದು ಬರೆದರೆ ವಾಪಸ್ ಕೊಡುತ್ತೇನೆ. ರೈಸ್ ಅವರ 1889ರ ಆವೃತ್ತಿಯಲ್ಲಿ ಇದು 136, ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 344, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ ಸಂಖ್ಯೆ ಮತ್ತೆ ಬದಲು. ಆವೃತ್ತಿಯ ವರ್ಷ, ಸಂಖ್ಯೆ, ಸಾಲು ಮೂರೂ ಬೇಕು. ಶಕ 1290, ಕೀಲಕ ಸಂವತ್ಸರ ಎಂದು ಕಲ್ಲಿನ ತೇದಿಯನ್ನು ಮೊದಲು ಬರೆದು, 1368ನ್ನು ಪಕ್ಕದಲ್ಲಿ ಹಾಕಬೇಕು.