ಖಾಲಿ ಜಾಗ ಕೊನೆಗೆ ಬರಲಿ

ನನ್ನ ಎಲ್‌ಕೆಜಿ ತರಗತಿಯಲ್ಲಿ 20 ಮಕ್ಕಳು. ದಿನಕ್ಕೆ ನಾಲ್ವರಂತೆ ಸೋಮವಾರದಿಂದ ಶುಕ್ರವಾರದವರೆಗೆ ಶೋ ಅಂಡ್ ಟೆಲ್, ಹದಿನೈದು ನಿಮಿಷ: ಮನೆಯಿಂದ ತಂದ ವಸ್ತು ತೋರಿಸಿ ಅದರ ಬಗ್ಗೆ ಹೇಳುವುದು. ಮೊದಲ ವರ್ಷ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದೆ. ಮಾತುಗಾರರು ಮುಗಿಸುತ್ತಲೇ ಇರಲಿಲ್ಲ, ಉಳಿದವರು ಫ್ರಾಕಿನ ಅಂಚು ಬಾಯಿಗೆ ಹಾಕಿಕೊಂಡು ನಿಲ್ಲುತ್ತಿದ್ದರು. ಈಗ ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರುತ್ತೇವೆ. ಹೇಳುವ ಮಗು ನನ್ನ ಪಕ್ಕ, ತಂದ ವಸ್ತು ಬಟ್ಟೆ ಚೀಲದೊಳಗೆ.

ಮಾತು ಶುರು ಮಾಡಿಸಲು ಅರ್ಧ ವಾಕ್ಯ ನಾನು ಹೇಳಿ, ಉಳಿದರ್ಧ ಮಗುವಿಗೆ ಬಿಡುತ್ತೇನೆ. ಇಲ್ಲೇ ನಾನು ಎಡವಿದ್ದು. ‘ನನಗೆ ಇದನ್ನು ___ ಕೊಟ್ಟರು’ ಎಂದು ಕೊಟ್ಟರೆ ಖಾಲಿ ಜಾಗ ನಡುವೆ ಬೀಳುತ್ತದೆ. ಮಗು ‘ಅಜ್ಜಿ’ ಎಂದಮೇಲೂ ಬಾಲ ಜೋಡಿಸಬೇಕು, ಅಷ್ಟರಲ್ಲಿ ಮರೆತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆಗುವ ಪೇಚು ಇದು. ಹಾಗಾಗಿ ವಾಕ್ಯ ತಿರುಗಿಸಿದೆ: ‘ಇದನ್ನ ಕೊಟ್ಟೋರು ___’, ‘ಇದರ ಬಣ್ಣ ___’, ‘ನಂಗಿಷ್ಟ ಆಗೋದು ಇದರ ___’. ಈಗ ನಾನು ರಾಗ ಎಳೆದು ನಿಲ್ಲಿಸಿದರೆ ಒಂದೇ ಪದಕ್ಕೆ ವಾಕ್ಯ ಪೂರ್ತಿಯಾಗುತ್ತದೆ. ಆಮೇಲೆ ಇಡೀ ವಾಕ್ಯವನ್ನು ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ನಾಚುವ ಮಗುವಿನ ದನಿಯೂ ಅದರೊಳಗೆ ಸೇರಿಕೊಳ್ಳುತ್ತದೆ. ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಆಗಲೂ ಉತ್ತರ ಬರದಿದ್ದರೆ ‘ಮೆತ್ತಗಿದೆಯಾ, ಗಟ್ಟಿಯಾ?’ ಎಂದು ಎರಡರಲ್ಲಿ ಒಂದನ್ನು ಆರಿಸಲು ಬಿಡುತ್ತೇನೆ. ಬೆರಳು ಮಾಡಿ ತೋರಿಸಿದರೂ ಸರಿ.

ಕಳೆದ ವರ್ಷ ಒಬ್ಬಳು ಚೀಲದಿಂದ ಬೆಳ್ಳಿ ಒಳಲೆ ತೆಗೆದಳು. ಬೆಲೆಬಾಳುವುದು ತರಬಾರದೆಂದು ಮೊದಲೇ ಹೇಳಿದ್ದೆ, ಇರಲಿ. ‘ಇದು ನನ್ನ...’ ಎಂದು ಎಳೆದೆ. ಐದು ಎಣಿಸಿದೆ, ಮತ್ತೆ ಎಳೆದೆ. ತುಟಿ ಬಿಚ್ಚಲಿಲ್ಲ. ಇನ್ನೊಬ್ಬರ ಸರದಿಗೆ ಹೋಗೋಣ ಎನ್ನುವಾಗ ನನ್ನ ಕಿವಿಯ ಹತ್ತಿರ ಬಂದು, ‘ನಂದಲ್ಲ ಮಿಸ್, ಪಾಪುದು’ ಎಂದಳು. ನಾಚಿಕೆ ಎಂದುಕೊಂಡಿದ್ದೆ. ಅವಳ ಮನೆಯ ಸತ್ಯ ನನ್ನ ವಾಕ್ಯದೊಳಗೆ ಹಿಡಿಸಿರಲಿಲ್ಲ, ಅಷ್ಟೆ. ಅಂದಿನಿಂದ ಮೊದಲ ಚೌಕಟ್ಟು ‘ಇದು ___’ ಮಾತ್ರ. ಯಾರದ್ದು ಎಂಬುದು ಎರಡನೆಯದು. ಆವತ್ತು ‘ಇದರಲ್ಲಿ ಕುಡಿಯೋದು...’ ಎಂದಾಗ ‘ಹಾಲು’ ಅಂತ ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

ಮಾತುಗಾರರಿಗೆ ಈ ಚೌಕಟ್ಟು ಸಾಲದು. ಅವರಿಗೆ ‘ನಂಗಿದು ಇಷ್ಟ, ಯಾಕಂದ್ರೆ ___’ ಕೊಡುತ್ತೇನೆ, ಅಲ್ಲಿ ಒಂದು ಪದಕ್ಕೆ ಕೆಲಸ ಮುಗಿಯುವುದಿಲ್ಲ. ಆಟದ ವಸ್ತುವಾದರೆ ‘ಮೊದಲು, ಆಮೇಲೆ, ಕೊನೆಗೆ’ ಎಂದು ಮೂರು ಬೆರಳು. ಒಂದು ಮಾತಿಗೆ ಒಂದು ಬೆರಳು ಮಡಚಬೇಕು, ಮೂರೂ ಮಡಚಿದರೆ ಸರದಿ ಮುಗಿಯಿತು. ಆಮೇಲೆ ಮುಂದಿನ ಮಗುವಿಗೆ ‘ಎಲ್ಲಿ ಸಿಕ್ತು?’ ಎಂದು ಕೇಳುವ ಕೆಲಸ ಅವರದ್ದೇ. ಬುಗುರಿ ತಂದ ಹುಡುಗ ದಾರ ಸುತ್ತಿದ್ದು, ಎಸೆದಿದ್ದು, ಅದು ಸೋಫಾ ಕೆಳಗೆ ಹೋಗಿದ್ದು ಹೇಳಿ ಮೂರೂ ಮಡಚಿದ. ನಾನು ಚೀಲ ಮುಂದಕ್ಕೆ ದಾಟಿಸಲು ಹೋದರೆ ಕೈ ಎತ್ತಿ ತೋರಿಸಿದ: ‘ಮಿಸ್, ಇನ್ನೂ ಎರಡು ಬೆರಳಿದೆ.’