ಬರೆದ ಭಾಷಣವನ್ನು ಬಾಯಿಗೆ ಒಗ್ಗಿಸುವುದು ಹೇಗೆ?

ನವೆಂಬರ್ ತಿಂಗಳು ಹತ್ತಿರವಾದಂತೆ ಶಾಲೆ, ಕಚೇರಿ, ಬ್ಯಾಂಕುಗಳಲ್ಲಿ ಯಾರಾದರೊಬ್ಬರ ಮೇಜಿನ ಮೇಲೆ ರಾಜ್ಯೋತ್ಸವದ ಭಾಷಣ ಸಿದ್ಧವಾಗತೊಡಗುತ್ತದೆ. ಬರೆದವರು ಭಾಷೆ ಬಲ್ಲವರೇ ಆಗಿರುತ್ತಾರೆ, ವಿಷಯವೂ ಸರಿಯಾಗಿಯೇ ಇರುತ್ತದೆ. ಆದರೂ ಅದನ್ನು ಮೈಕಿನ ಮುಂದೆ ಓದಿದಾಗ ಮೂರನೆಯ ವಾಕ್ಯದ ಹೊತ್ತಿಗೆ ಹಿಂದಿನ ಸಾಲಿನವರು ಪಕ್ಕದವರೊಡನೆ ಮಾತಿಗೆ ತೊಡಗುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ‘ಆಡುಮಾತಿನಲ್ಲಿ ಬರೆಯಿರಿ’ ಎಂಬುದು. ಈ ಸಲಹೆಯನ್ನು ಅಕ್ಷರಶಃ ಪಾಲಿಸಿ ‘ಮಾಡುತ್ತಾರೆ’ ಎಂಬುದನ್ನೆಲ್ಲ ‘ಮಾಡ್ತಾರೆ’ ಎಂದು ತಿದ್ದಿದ ಪ್ರತಿಗಳನ್ನು ನಾನು ನೋಡಿದ್ದೇನೆ. ಅವು ಕೇಳಲು ಸುಲಭವಾಗಲಿಲ್ಲ, ಓದಲು ಮಾತ್ರ ಕಷ್ಟವಾದವು.

ಬರಹದ ಕನ್ನಡಕ್ಕೂ ಮಾತಿನ ಕನ್ನಡಕ್ಕೂ ಇರುವ ವ್ಯತ್ಯಾಸ ಎರಡು ಬಗೆಯದು ಎಂಬುದನ್ನು ಗಮನಿಸದಿರುವುದೇ ಈ ತಪ್ಪಿನ ಮೂಲ. ಒಂದು ಉಚ್ಚಾರಣೆಯ ವ್ಯತ್ಯಾಸ. ‘ಮಾಡುತ್ತಾರೆ’ ಎಂದು ಬರೆದಿದ್ದರೂ ಮೈಸೂರಿನ ಕಡೆಯವರ ಬಾಯಿ ಅದನ್ನು ತಾನಾಗಿಯೇ ‘ಮಾಡ್ತಾರೆ’ ಎನ್ನುತ್ತದೆ, ಧಾರವಾಡದ ಕಡೆಯವರ ಬಾಯಿ ‘ಮಾಡ್ತಾರ’ ಎನ್ನುತ್ತದೆ. ಇದನ್ನು ಕಾಗದದ ಮೇಲೆ ತಿದ್ದುವ ಅಗತ್ಯವೇ ಇಲ್ಲ. ಪೂರ್ಣ ರೂಪವನ್ನೇ ಉಳಿಸಿಕೊಂಡರೆ ಓದುವವರು ತಮ್ಮ ಊರಿನ ಧಾಟಿಗೆ ತಕ್ಕಂತೆ ಅದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ನುಡಿಯುತ್ತಾರೆ. ಇನ್ನೊಂದು ವಾಕ್ಯದ ಕಟ್ಟಡದ ವ್ಯತ್ಯಾಸ. ಇದನ್ನು ಬಾಯಿ ಸರಿಪಡಿಸಲಾರದು. ‘ಅಸ್ತಿತ್ವಕ್ಕೆ ತರಲ್ಪಟ್ಟ’ ಎಂದು ಬರೆದಿದ್ದರೆ ಯಾವ ಊರಿನವರು ಓದಿದರೂ ಅದು ‘ತರಲ್ಪಟ್ಟ’ವೇ. ಆದ್ದರಿಂದ ತಿದ್ದುವ ಕೆಲಸವೆಲ್ಲ ಈ ಎರಡನೆಯ ಬಗೆಯಲ್ಲಿದೆ.

ಮೊದಲು ಪೆನ್ಸಿಲ್ ಹಿಡಿದು, ಬಾಗಿಲು ಹಾಕಿಕೊಂಡು, ಭಾಷಣವನ್ನು ಸಭೆಗೆ ಕೇಳುವಷ್ಟು ಗಟ್ಟಿಯಾಗಿ ಒಮ್ಮೆ ಓದಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಈ ಹೆಜ್ಜೆ ವ್ಯರ್ಥ, ಏಕೆಂದರೆ ಕಣ್ಣಿಗೆ ಉಸಿರಿನ ಹಂಗಿಲ್ಲ. ಓದುವಾಗ ಏನನ್ನೂ ತಿದ್ದದೆ, ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದ ಕಡೆ ಒಂದು ಗೆರೆ, ನಾಲಿಗೆ ತೊಡರಿದ ಕಡೆ ಒಂದು ಸುತ್ತು, ಅರ್ಥಕ್ಕಾಗಿ ನೀವೇ ಹಿಂದಿನ ಸಾಲಿಗೆ ಕಣ್ಣು ಹಾಯಿಸಿದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತ ಹೋಗಬೇಕು. ಮೂರನೆಯ ಗುರುತೇ ಮುಖ್ಯವಾದದ್ದು. ಓದುಗನಿಗೆ ಹಿಂದಿನ ಸಾಲಿಗೆ ಮರಳುವ ಅವಕಾಶವಿದೆ, ಕೇಳುಗನಿಗೆ ಅದು ಇಲ್ಲ.

ಉದಾಹರಣೆಗೆ, ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಓದಬೇಕಾದ ಭಾಷಣದಲ್ಲಿ ಈ ವಾಕ್ಯವಿದೆ ಎಂದುಕೊಳ್ಳೋಣ:

“ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಹಾಗೂ ಮೈಸೂರು ಎಂಬ ಐದು ಪ್ರತ್ಯೇಕ ಆಡಳಿತಗಳ ಅಧೀನದಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಭಾಷಿಕ ಪ್ರದೇಶಗಳನ್ನು ಒಗ್ಗೂಡಿಸಿ ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ವಯ 1956ರ ನವೆಂಬರ್ 1ರಂದು ಅಸ್ತಿತ್ವಕ್ಕೆ ತರಲ್ಪಟ್ಟ ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ‘ಕರ್ನಾಟಕ’ ಎಂದು ಮರುನಾಮಕರಣಗೊಂಡಿತು.”

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಅಚ್ಚಿನಲ್ಲಿ ಓದಿದರೆ ಇದು ಬಿಗಿಯಾದ, ಒಳ್ಳೆಯ ವಾಕ್ಯವೇ. ಆದರೆ ಇದರ 33 ಪದಗಳಲ್ಲಿ ಮೊದಲ 25 ಮುಗಿಯುವವರೆಗೆ ಇದು ಯಾವುದರ ಬಗ್ಗೆ ಹೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ‘ಮೈಸೂರು ರಾಜ್ಯವು’ ಎಂಬ ಕರ್ತೃಪದ ಬರುವುದು ಅದರ ನಂತರ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದದ ಹಿಂದೆಯೇ ಸಾಲುಗಟ್ಟುತ್ತವೆ. ‘ಎಂಬ’, ‘ಹಂಚಿಹೋಗಿದ್ದ’, ‘ತರಲ್ಪಟ್ಟ’ ಎಂದು ಒಂದರ ಬೆನ್ನಿಗೆ ಒಂದು ಕೃದಂತ ಬಂದಾಗ ಕೇಳುಗ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದುಕೊಂಡು ಅದನ್ನು ಎಲ್ಲಿ ಇಳಿಸಬೇಕೆಂದು ಕಾಯಬೇಕಾಗುತ್ತದೆ. ಮಾತಿನಲ್ಲಿ ನಾವು ಹೀಗೆ ಮಾಡುವುದಿಲ್ಲ. ಯಾರ ವಿಷಯವೆಂಬುದನ್ನು ಮೊದಲು ಹೇಳಿ, ಅವರಿಗೇನಾಯಿತೆಂಬುದನ್ನು ಆಮೇಲೆ ಹೇಳುತ್ತೇವೆ.

ಹಾಗಾಗಿ ಎರಡನೆಯ ಹೆಜ್ಜೆ ಕೃದಂತಗಳನ್ನು ಬಿಡಿಸುವುದು. ಪ್ರತಿ ಕೃದಂತದ ಕೆಳಗೆ ಗೆರೆ ಎಳೆದು, ಅದನ್ನು ಪೂರ್ಣ ಕ್ರಿಯಾಪದವನ್ನಾಗಿಸಿ, ಅದಕ್ಕೊಂದು ಸ್ವಂತ ವಾಕ್ಯ ಕೊಟ್ಟು ನೋಡಬೇಕು. ‘ಹಂಚಿಹೋಗಿದ್ದ’ ಎಂಬುದು ‘ಹಂಚಿಹೋಗಿದ್ದರು’ ಆಗುತ್ತದೆ. ‘ತರಲ್ಪಟ್ಟ’ ಎಂಬುದು ತೊಲಗಿ ಅದರ ಜಾಗಕ್ಕೆ ‘ಬಂದರು’ ಬರುತ್ತದೆ. ಹೀಗೆ ಬಿಡಿಸಿದಾಗ ಮೇಲಿನ ವಾಕ್ಯ ಸುಮಾರಾಗಿ ಈ ರೂಪ ತಾಳುತ್ತದೆ:

“ಅಂದು ಕನ್ನಡ ಮಾತಾಡುವ ಜನ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವರು, ಬೆಳಗಾವಿಯವರು ಮುಂಬಯಿಗೆ ಸೇರಿದ್ದರು. ಮಂಗಳೂರಿನವರು ಮದರಾಸಿಗೆ. ಕಲಬುರಗಿ, ರಾಯಚೂರಿನವರು ಹೈದರಾಬಾದಿಗೆ. ಕೊಡಗಿನದು ಬೇರೆಯೇ ಆಡಳಿತ. ನಮ್ಮ ತುಮಕೂರು ಮೈಸೂರು ರಾಜ್ಯದಲ್ಲಿತ್ತು. ಸಾವಿರದ ಒಂಬೈನೂರ ಐವತ್ತಾರನೇ ಇಸವಿ, ನವೆಂಬರ್ ಒಂದನೇ ತಾರೀಖು ಈ ಐದೂ ಕಡೆಯ ಬಹುಪಾಲು ಕನ್ನಡಿಗರು ಒಂದು ರಾಜ್ಯಕ್ಕೆ ಬಂದರು. ರಾಜ್ಯವೇನೋ ಒಂದಾಯಿತು, ಹೆಸರು ಮಾತ್ರ ಹಳೆಯದೇ, ಮೈಸೂರು. ‘ಕರ್ನಾಟಕ’ ಎನ್ನುವ ಹೆಸರು ಬಂದದ್ದು ಆಮೇಲೆ ಹದಿನೇಳು ವರ್ಷಕ್ಕೆ, ಎಪ್ಪತ್ತಮೂರರ ನವೆಂಬರ್ ಒಂದಕ್ಕೆ.”

ಇಲ್ಲಿ ‘ಮಂಗಳೂರಿನವರು ಮದರಾಸಿಗೆ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ‘ಸೇರಿದ್ದರು’ ಎಂಬುದು ಹಿಂದಿನ ವಾಕ್ಯದಲ್ಲಿ ಬಂದಿರುವುದರಿಂದ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಪ್ರತಿ ಬಾರಿ ಅದನ್ನು ಬರೆದಿದ್ದರೆ ಹಾಜರಿ ಕರೆದಂತೆ ಕೇಳಿಸುತ್ತಿತ್ತು. ಕೊನೆಯ ವಾಕ್ಯದಲ್ಲಿ ‘ಬಂದದ್ದು’ ಎಂಬ ರೂಪ ಇನ್ನೂ ದೊಡ್ಡ ಕೆಲಸ ಮಾಡುತ್ತಿದೆ. ‘ಹದಿನೇಳು ವರ್ಷಗಳ ನಂತರ ಕರ್ನಾಟಕ ಎಂಬ ಹೆಸರು ಬಂದಿತು’ ಎಂದು ಬರೆದರೆ ಹೊಸ ಸಂಗತಿಯಾದ ‘ಹದಿನೇಳು ವರ್ಷ’ ಆರಂಭದಲ್ಲೇ ಬಂದು ಕಳೆದುಹೋಗುತ್ತದೆ. ‘ಬಂದದ್ದು’ ಎಂದಾಗ ಅದು ಕ್ರಿಯೆಯ ಆಚೆಗೆ ಬಂದು ನಿಲ್ಲುತ್ತದೆ, ಕೇಳುಗ ಅದಕ್ಕಾಗಿ ಕಿವಿ ನಿಮಿರಿಸುತ್ತಾನೆ. ‘ಅವರು ಹೇಳಿದ್ದು ಇಷ್ಟೇ’, ‘ನಾವು ಗೆದ್ದದ್ದು ಹೇಗೆಂದರೆ’ ಎಂದು ಮನೆಯಲ್ಲಿ ಮಾತಾಡುವಾಗ ಎಲ್ಲರೂ ಬಳಸುವ ರಚನೆಯೇ ಇದು. ಭಾಷಣ ಬರೆಯಲು ಕೂತಾಗ ಮಾತ್ರ ಏಕೋ ಮರೆತುಹೋಗುತ್ತದೆ. ಒಂದು ಪುಟದಲ್ಲಿ ಎರಡು ಮೂರು ಕಡೆ ಸಾಕು, ಹೆಚ್ಚಾದರೆ ಒಗಟು ಹೇಳಿದಂತಾಗುತ್ತದೆ.

ವಾಕ್ಯವನ್ನು ಬಿಡಿಸುವಾಗ ಅನಿರೀಕ್ಷಿತವಾಗಿ ಇನ್ನೊಂದು ಪ್ರಯೋಜನವೂ ಸಿಗುತ್ತದೆ. ಬಿಗಿಯಾದ ವಾಕ್ಯದಲ್ಲಿ ಅಡಗಿ ಕೂರುವ ಅಸ್ಪಷ್ಟತೆ ಬಯಲಿಗೆ ಬರುತ್ತದೆ. ‘ಮದರಾಸು’ ಎಂಬ ಒಂದೇ ಪದವನ್ನು ಊರುಗಳಾಗಿ ಬಿಡಿಸಹೊರಟಾಗ ಮಂಗಳೂರಿನ ಪಕ್ಕದಲ್ಲಿ ಬಳ್ಳಾರಿಯನ್ನೂ ಸೇರಿಸುವ ಮನಸ್ಸಾಗುತ್ತದೆ. ಆದರೆ ಬಳ್ಳಾರಿ 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗಲೇ ಮೈಸೂರಿಗೆ ಸೇರಿತ್ತು. ಹಾಗೆಯೇ ‘ಎಲ್ಲ ಕನ್ನಡಿಗರೂ’ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ‘ಬಹುಪಾಲು’ ಎಂಬ ಪದ ಅಲ್ಲಿ ಬಂದಿರುವುದು ಅದಕ್ಕಾಗಿ. ಕಾಯ್ದೆಯ ಹೆಸರನ್ನು ಬಿಟ್ಟಿರುವುದೂ ಬೇಕೆಂದೇ. ಅದು ಬೇಕಾಗಿರುವುದು ಸ್ಮರಣ ಸಂಚಿಕೆಗೆ, ಸಭೆಗಲ್ಲ.

ಮೂರನೆಯ ಹೆಜ್ಜೆ ಪದಗಳದು. ‘ಮೇಲ್ಕಂಡ’, ‘ಈ ಕೆಳಗಿನ’, ‘ಸದರಿ’ ಎಂಬಂಥ ಪದಗಳು ಕಾಗದವನ್ನು ನೋಡುತ್ತಿರುವವರಿಗೆ ಹೇಳಿದವು. ಕಿವಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ‘ಆಗ ಹೇಳಿದೆನಲ್ಲ’ ಎಂದೋ, ‘ಮೂರು ಸಂಗತಿ ಹೇಳುತ್ತೇನೆ’ ಎಂದೋ ಬದಲಿಸಬೇಕು. ‘ಎಂಬುದಾಗಿ’, ‘ತನ್ಮೂಲಕ’, ‘ಈ ನಿಟ್ಟಿನಲ್ಲಿ’ ಇವುಗಳನ್ನು ಹೊಡೆದುಹಾಕಿದರೆ ಹತ್ತರಲ್ಲಿ ಒಂಬತ್ತು ಕಡೆ ಅರ್ಥಕ್ಕೇನೂ ಕೊರತೆಯಾಗುವುದಿಲ್ಲ. ಹಾಗೆಂದು ಸಂಸ್ಕೃತ ಪದಗಳನ್ನೆಲ್ಲ ಹುಡುಕಿ ತೆಗೆಯಬೇಕಾಗಿಲ್ಲ. ‘ಅಭಿಮಾನ’, ‘ಸ್ವಾತಂತ್ರ್ಯ’, ‘ಏಕೀಕರಣ’ ಎಲ್ಲರ ಬಾಯಲ್ಲೂ ಇರುವ ಪದಗಳು. ತೊಡಕಾಗುವುದು ‘ಮರುನಾಮಕರಣಗೊಂಡಿತು’ ಎಂಬಂಥ, ‘ಹೆಸರು ಬಂತು’ ಎಂದರೆ ಮುಗಿಯುತ್ತಿದ್ದ ಉದ್ದನೆಯ ಜೋಡಣೆಗಳು.

ಓದುವವರು ಬೇರೆಯವರಾಗಿದ್ದರೆ ಅವರ ನಾಲಿಗೆಯನ್ನೂ ಗಮನಿಸಬೇಕು. ಅಕಾರ ಹಕಾರಗಳು ಅದಲುಬದಲಾಗುವ ರೂಢಿಯಿರುವವರಿಗೆ ‘ಆದರದ ಸ್ವಾಗತ’ ಎಂದು ಬರೆದುಕೊಟ್ಟರೆ ವೇದಿಕೆಯ ಮೇಲೆ ಏನಾಗಬಹುದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ಪ್ರೀತಿಯ ಸ್ವಾಗತ’ ಎಂದರೆ ಎಲ್ಲರೂ ಕ್ಷೇಮ.

ಅಂಕಿಗಳನ್ನು ಅಕ್ಷರದಲ್ಲೇ ಬರೆದುಕೊಳ್ಳಬೇಕು. ‘1956ರ’ ಎಂಬುದು ಕಣ್ಣಿಗೆ ಪುಟ್ಟದು, ಬಾಯಿಗೆ ಹದಿಮೂರು ಅಕ್ಷರ: ಸಾವಿರದ ಒಂಬೈನೂರ ಐವತ್ತಾರರ. ಅಂಕಿಯ ಬಾಲಕ್ಕೆ ಪ್ರತ್ಯಯ ಅಂಟಿಕೊಂಡಿದ್ದರೆ ಓದುವವರು ತಡವರಿಸುವುದು ಅಲ್ಲಿಯೇ. ಮೊದಲ ಸಲ ಪೂರ್ತಿ ಇಸವಿ ಹೇಳಿ, ಮುಂದೆ ಅದೇ ಶತಮಾನದ ಇಸವಿಗಳಿಗೆ ‘ಎಪ್ಪತ್ತಮೂರರ’ ಎಂದಷ್ಟೇ ಹೇಳಬಹುದು.

ಕೆಲವು ಭಾಗಗಳನ್ನು ಮಾತ್ರ ಮುಟ್ಟಬಾರದು. ಪ್ರತಿಜ್ಞಾವಿಧಿ, ಸಭೆಯ ನಿರ್ಣಯ, ಮತ್ತೊಬ್ಬರ ಉಲ್ಲೇಖ, ಸನ್ಮಾನಪತ್ರದ ಒಕ್ಕಣೆ ಇವು ಇದ್ದಂತೆಯೇ ಓದಬೇಕಾದವು. ಅವು ಗ್ರಾಂಥಿಕವಾಗಿ ಕೇಳಿಸಿದರೂ ತಪ್ಪಿಲ್ಲ. ಸುತ್ತಲಿನ ಮಾತು ಸರಳವಾಗಿದ್ದರೆ ಅವುಗಳ ಗಾಂಭೀರ್ಯ ಎದ್ದುಕಾಣುತ್ತದೆ.

ಬಿಡಿಸಿದ ಭಾಷಣ ಉದ್ದವಾಗುತ್ತದೆ. ಮೇಲಿನ 33 ಪದಗಳ ವಾಕ್ಯ 54 ಪದಗಳಾಗಿದೆ. ಹತ್ತು ನಿಮಿಷದ ಭಾಷಣವನ್ನು ಹೀಗೆ ತಿದ್ದಿ ಹದಿನೈದು ನಿಮಿಷ ಮಾಡಿಕೊಂಡರೆ ಸಭೆ ಕ್ಷಮಿಸುವುದಿಲ್ಲವಾದ್ದರಿಂದ ನಾಲ್ಕನೆಯ ಹೆಜ್ಜೆಯಾಗಿ ಇಡೀ ವಿಷಯಗಳನ್ನೇ ಕೈಬಿಡಬೇಕಾಗುತ್ತದೆ. ಎಲ್ಲ ವಾಕ್ಯಗಳಿಂದಲೂ ಒಂದೊಂದು ಪದ ಕತ್ತರಿಸುತ್ತ ಕೂರುವುದಕ್ಕಿಂತ ಐದು ವಿಷಯಗಳಲ್ಲಿ ಎರಡನ್ನು ತೆಗೆದುಹಾಕುವುದು ಲೇಸು. ತೆಗೆಯುವಾಗ ನೋವಾಗುತ್ತದೆ, ವಿಶೇಷವಾಗಿ ಬರೆದವರು ನೀವೇ ಆಗಿದ್ದರೆ. ಆಮೇಲೆ ಭಾಷಣವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಕಾಗದ ನೋಡದ ಒಬ್ಬರಿಗೆ ಒಮ್ಮೆ ಕೇಳಿಸಿ, ಏನು ತಿಳಿಯಿತೆಂದು ಅವರ ಮಾತಿನಲ್ಲೇ ಹೇಳಿಸಬೇಕು. ‘ಚೆನ್ನಾಗಿದೆ’ ಎಂಬ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಹೆಸರು ಬದಲಾದದ್ದು ಯಾವಾಗ ಎಂದು ಕೇಳಿದಾಗ ‘ಐವತ್ತಾರರಲ್ಲಿ’ ಎಂದರೆ ಆ ಭಾಗವನ್ನು ಇನ್ನೊಮ್ಮೆ ತಿದ್ದಬೇಕು.

ಕೊನೆಯದಾಗಿ ಪ್ರತಿ ತೆಗೆಯುವುದು. ಅಕ್ಷರ ದೊಡ್ಡದಿರಲಿ, ಒಂದು ಉಸಿರಿಗೆ ಒಂದು ಸಾಲು ಇರಲಿ, ಹಾಳೆಯ ಒಂದೇ ಬದಿಗೆ ಅಚ್ಚಾಗಲಿ. ವಾಕ್ಯ ಮುಂದಿನ ಹಾಳೆಗೆ ದಾಟಬಾರದು. ಕನ್ನಡದಲ್ಲಿ ಕ್ರಿಯಾಪದ ಕೊನೆಗಿರುವುದರಿಂದ ಹಾಳೆ ಮಗುಚುವಷ್ಟು ಹೊತ್ತು ‘ಇಲ್ಲ’ವೋ ‘ಇದೆ’ಯೋ ತಿಳಿಯದೆ ಸಭೆ ಕಾಯುವಂತಾಗುತ್ತದೆ. ವೇದಿಕೆಯ ಗಣ್ಯರ ಹೆಸರುಗಳು ಕೊನೆಯ ಗಳಿಗೆಯವರೆಗೂ ಬದಲಾಗುತ್ತಿರುತ್ತವೆ, ಅವು ಬೇರೆ ಚೀಟಿಯಲ್ಲಿರಲಿ. ಬಿಡಬಹುದಾದ ಒಂದು ಭಾಗದ ಸುತ್ತ ಪೆನ್ಸಿಲ್ಲಿನಲ್ಲಿ ಚೌಕ ಹಾಕಿಟ್ಟುಕೊಂಡಿರಬೇಕು. ‘ಎರಡು ನಿಮಿಷದಲ್ಲಿ ಮುಗಿಸಿ’ ಎಂಬ ಚೀಟಿ ನಿರೂಪಕರಿಂದ ಬಂದಾಗ ಆ ಚೌಕವನ್ನು ದಾಟಿ ನೇರವಾಗಿ ಕೊನೆಯ ಹಾಳೆಗೆ ಹೋಗಬಹುದು.